ಪೋಸ್ಟರ್ ಕುಗ್ಗಿಸಿದರೆ ಕರಪತ್ರ, ಹಿಗ್ಗಿಸಿದರೆ ಬ್ಯಾನರ್: ಇದು ನಿಜವೇ?

"ಪೋಸ್ಟರ್ ಚೆನ್ನಾಗಿದೆ. ಇದನ್ನೇ ಸಣ್ಣದು ಮಾಡಿ ಹ್ಯಾಂಡ್‌ಬಿಲ್ ಹಾಕಿಸಿ, ದೊಡ್ಡದು ಮಾಡಿ ಬ್ಯಾನರ್ ಕಟ್ಟಿಸಿ." ವಾಟ್ಸಾಪ್ ಗುಂಪಿನಲ್ಲಿ ಒಂದು ಜಾಗೃತಿ ಪೋಸ್ಟರ್ ಬಂದ ತಕ್ಷಣ ಯಾರಾದರೊಬ್ಬರು ಹೀಗೆ ಹೇಳುತ್ತಾರೆ. ಸಂಘದವರು, ಶಾಲೆಯವರು, ಊರಿನ ಯುವಕರು ಅದೇ ಚಿತ್ರವನ್ನು ಡಿಟಿಪಿ ಅಂಗಡಿಗೆ ಕಳಿಸುತ್ತಾರೆ. ಮೂರು ಅಳತೆಯಲ್ಲಿ ಮುದ್ರಣವಾಗಿ ಬರುತ್ತದೆ. ಆದರೆ ಕರಪತ್ರದ ಅಕ್ಷರ ಓದಲಾಗುವುದಿಲ್ಲ, ಬ್ಯಾನರ್ ಮುಂದೆ ಹಾದುಹೋದವರಿಗೆ ಅದರಲ್ಲಿ ಏನಿತ್ತೆಂದು ನೆನಪಿರುವುದಿಲ್ಲ.

ಹಾಗಾದರೆ ಮೂರಕ್ಕೂ ಬೇರೆ ಬೇರೆ ವಿನ್ಯಾಸ ಮಾಡಿಸಬೇಕೇ? ಬೇಕಿಲ್ಲ. ವಿನ್ಯಾಸ ಒಂದೇ ಸಾಕು. ಆದರೆ ಅದನ್ನು ಹಿಗ್ಗಿಸುವುದು, ಕುಗ್ಗಿಸುವುದು ಬೇರೆ. ಮೂರು ಜಾಗಕ್ಕೆ ಹೊಂದಿಸುವುದು ಬೇರೆ. ಆ ವ್ಯತ್ಯಾಸವನ್ನು ಒಂದು ಉದಾಹರಣೆ ಹಿಡಿದು ನೋಡೋಣ.

## ಉದಾಹರಣೆ: ಹಾವು ಕಡಿತದ ಪೋಸ್ಟರ್

ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಹತ್ತಿ, ತೊಗರಿ, ಕಾಲುವೆ ನೀರಿನ ಭತ್ತ ಮುಖ್ಯ ಬೆಳೆಗಳು. ಹೊಲದಲ್ಲಿ ಇಲಿ, ಇಲಿಯ ಹಿಂದೆ ಹಾವು. ನಸುಕಿನಲ್ಲಿ ನೀರು ತಿರುವಲು ಹೋದವರಿಗೆ, ರಾತ್ರಿ ನೆಲದ ಮೇಲೆ ಮಲಗಿದವರಿಗೆ ಹಾವು ಕಚ್ಚುವ ಅಪಾಯ ಹೆಚ್ಚು. ಭಾರತದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಇನ್ನೊಂದು ಸಂಗತಿ ಈ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52 ಪ್ರತಿಶತ. ರಾಜ್ಯದಲ್ಲೇ ಅತಿ ಕಡಿಮೆ. ಅಂದರೆ ನಿಮ್ಮ ಬ್ಯಾನರ್ ನೋಡುವ ಎಷ್ಟೋ ಜನ ಅಕ್ಷರಕ್ಕಿಂತ ಮೊದಲು ಚಿತ್ರವನ್ನೇ ಓದುತ್ತಾರೆ.

ನಮ್ಮ ಪೋಸ್ಟರ್ ಎ3 ಅಳತೆಯದು ಎಂದುಕೊಳ್ಳೋಣ: 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೋ ಗ್ರಾಮ ಪಂಚಾಯಿತಿಯ ಬಾಗಿಲ ಪಕ್ಕಕ್ಕೋ ಅಂಟಿಸುವಂಥದ್ದು. ಮೇಲೆ ಚಿತ್ರ: ಹಾವು ಕಚ್ಚಿದವನನ್ನು ಮಲಗಿಸಿ ಆಂಬುಲೆನ್ಸ್‌ಗೆ ಸಾಗಿಸುತ್ತಿದ್ದಾರೆ. ಕೆಳಗೆ ತಲೆಬರಹ: "ಹಾವು ಕಚ್ಚಿದರೆ ಆಸ್ಪತ್ರೆಗೆ ಹೋಗಿ." ಪಕ್ಕದಲ್ಲಿ ದಪ್ಪವಾಗಿ 108. ಅದರ ಕೆಳಗೆ ನಾಲ್ಕು ಸೂಚನೆ:

- ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಡಿ.
- ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಊದಿಕೊಂಡರೆ ಅವು ಬಿಗಿಯುತ್ತವೆ.
- ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ.
- ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ.

ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಲಕ್ಷಣಗಳು ಮತ್ತು ಚಿಕಿತ್ಸೆಯ ವಿವರ.

ತಲೆಬರಹದ ಅಕ್ಷರ 20 ಮಿ.ಮೀ. ಎತ್ತರ, ಸೂಚನೆಗಳದ್ದು 8 ಮಿ.ಮೀ., ವಿವರದ್ದು 3.5 ಮಿ.ಮೀ. ಇಲ್ಲಿ ಎತ್ತರ ಅಂದರೆ "ಕ" ಅಥವಾ "ದ" ಅಕ್ಷರವನ್ನು ಸ್ಕೇಲಿನಲ್ಲಿ ಅಳೆದಾಗ ಸಿಗುವ ಎತ್ತರ. ಕಂಪ್ಯೂಟರ್ ತೋರಿಸುವ ಪಾಯಿಂಟ್ ಸಂಖ್ಯೆಯಲ್ಲಿ ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರಗಳ ಜಾಗವೂ ಸೇರಿರುತ್ತದೆ, ಹಾಗಾಗಿ ಕನ್ನಡಕ್ಕೆ ಸ್ಕೇಲೇ ನಂಬಿಕಸ್ಥ ಅಳತೆ.

## ಕುಗ್ಗಿಸಿದಾಗ ಏನಾಗುತ್ತದೆ?

ಎ3 ಹಾಳೆಯನ್ನು ಎ5ಕ್ಕೆ ತಂದರೆ ಉದ್ದ, ಅಗಲ ಎರಡೂ ಅರ್ಧವಾಗುತ್ತವೆ. ಈ ಅಳತೆಗಳ ಆಕಾರ ಒಂದೇ ಆಗಿರುವುದರಿಂದ ಏನೂ ಕತ್ತರಿಸಿ ಹೋಗುವುದಿಲ್ಲ. ಪರದೆ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ.

ತಲೆಬರಹ 10 ಮಿ.ಮೀ. ಆಯಿತು, ಕೈಯಲ್ಲಿ ಹಿಡಿಯುವ ಹಾಳೆಗೆ ಅದು ಧಾರಾಳ. ಸೂಚನೆಗಳು 4 ಮಿ.ಮೀ.; ಅದೂ ಸಾಕು. ಆದರೆ ವಿವರ 1.75 ಮಿ.ಮೀ.ಗೆ ಇಳಿಯಿತು. "ಆಸ್ಪತ್ರೆ" ಎಂಬ ಪದದ ಪ ಒತ್ತು, ರ ಒತ್ತು ಮೂಲ ಅಕ್ಷರಕ್ಕಿಂತ ಸಣ್ಣವು, ಸುಮಾರು ಒಂದು ಮಿ.ಮೀ. ಅಗ್ಗದ ತೆಳು ಕಾಗದದಲ್ಲಿ ಶಾಯಿ ಸ್ವಲ್ಪ ಹರಡುತ್ತದೆ. ಒತ್ತಕ್ಷರದೊಳಗಿನ ಬಿಳಿ ಜಾಗ ತುಂಬಿ ಅದು ಕಪ್ಪು ಚುಕ್ಕೆಯಾಗುತ್ತದೆ. ಇನ್ನೂ ಉಳಿತಾಯವೆಂದು ಎ6ಕ್ಕೆ ಇಳಿಸಿದರೆ ಅಕ್ಷರ 1.2 ಮಿ.ಮೀ.; ಅರವತ್ತು ದಾಟಿದ ಕಣ್ಣಿಗೆ ಅದು ಅಕ್ಷರವಲ್ಲ, ಗೀಟು.

ಎರಡನೆಯ ತೊಂದರೆ ಬಣ್ಣದ್ದು. ಕರಪತ್ರಗಳು ಸಾಮಾನ್ಯವಾಗಿ ಒಂದೇ ಬಣ್ಣದಲ್ಲಿ ಅಚ್ಚಾಗುತ್ತವೆ ಅಥವಾ ಝೆರಾಕ್ಸ್ ಆಗುತ್ತವೆ. ಪೋಸ್ಟರಿನಲ್ಲಿ "ಮಾಡಿ" ಎನ್ನುವುದಕ್ಕೆ ಹಸಿರು ಪಟ್ಟಿ, "ಮಾಡಬೇಡಿ" ಎನ್ನುವುದಕ್ಕೆ ಕೆಂಪು ಪಟ್ಟಿ ಇದ್ದರೆ ಕಪ್ಪು ಬಿಳುಪಿನಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಬೂದು ಬಣ್ಣಕ್ಕೆ ಬರುತ್ತವೆ. ಯಾವುದು ಮಾಡಬೇಕಾದದ್ದು, ಯಾವುದು ಮಾಡಬಾರದ್ದು ಎಂಬ ಗುರುತೇ ಅಳಿಸಿ ಹೋಗುತ್ತದೆ. ಹಾಗಾಗಿ ಬಣ್ಣದ ಜೊತೆಗೆ ಸರಿ ಗುರುತು, ಕತ್ತರಿ ಗುರುತುಗಳನ್ನು ಮೂಲ ಪೋಸ್ಟರಿನಲ್ಲೇ ಹಾಕಿಡಬೇಕು. ಇದನ್ನು ಮೊಬೈಲಿನಲ್ಲೇ ಪರೀಕ್ಷಿಸಬಹುದು: ಗ್ಯಾಲರಿಯಲ್ಲಿ ಪೋಸ್ಟರ್ ತೆರೆದು ಕಪ್ಪು ಬಿಳುಪು ಫಿಲ್ಟರ್ ಹಾಕಿ ನೋಡಿ. ಮಾಡಬೇಕಾದದ್ದೂ ಮಾಡಬಾರದ್ದೂ ಆಗಲೂ ಬೇರೆ ಬೇರೆಯಾಗಿ ಕಂಡರೆ ಕರಪತ್ರಕ್ಕೆ ಅದು ತಯಾರು.

## ಹಿಗ್ಗಿಸಿದಾಗ ಏನಾಗುತ್ತದೆ?

"ದೊಡ್ಡದು ಮಾಡಿದರೆ ದೂರಕ್ಕೆ ಕಾಣುತ್ತದೆ" ಎನ್ನುವುದು ಅರ್ಧ ಸತ್ಯ. ಎಷ್ಟು ದೂರಕ್ಕೆ ಎಂಬುದು ಪ್ರಶ್ನೆ.

ಫಲಕ ಬರೆಯುವವರು ಬಳಸುವ ಒಂದು ಒರಟು ಲೆಕ್ಕವಿದೆ: ಅಕ್ಷರದ ಪ್ರತಿ ಒಂದು ಇಂಚು ಎತ್ತರಕ್ಕೆ ಹತ್ತು ಅಡಿ ದೂರ. ಚೆನ್ನಾಗಿ ಕಣ್ಣು ಕಾಣುವವರು ಅದಕ್ಕಿಂತ ದೂರದಿಂದಲೂ ಓದಬಲ್ಲರು. ಆದರೆ ನಡೆಯುತ್ತ, ಗಾಡಿ ಓಡಿಸುತ್ತ, ಬೇರೇನೋ ಯೋಚಿಸುತ್ತ ಇರುವವರಿಗೆ ಸಲೀಸಾಗಿ ಓದಲು ಇಷ್ಟು ಬೇಕು.

ಎ3 ಪೋಸ್ಟರನ್ನು ಹಾಗೆಯೇ 6 ಅಡಿ ಎತ್ತರಕ್ಕೆ ಹಿಗ್ಗಿಸಿದರೆ ಎಲ್ಲವೂ ಸುಮಾರು 4.3 ಪಟ್ಟು ದೊಡ್ಡದಾಗುತ್ತದೆ. ತಲೆಬರಹ ಸುಮಾರು ಮೂರೂವರೆ ಇಂಚು, ಅಂದರೆ 35 ಅಡಿ ದೂರದವರೆಗೆ ಸಲೀಸು. ಸೂಚನೆಗಳು ಒಂದೂ ಕಾಲು ಇಂಚಿಗಿಂತ ತುಸು ಹೆಚ್ಚು, 14 ಅಡಿಯವರೆಗೆ. ವಿವರದ ಸಾಲು ಓದಬೇಕಾದರೆ ಆರು ಅಡಿ ಹತ್ತಿರ ಬಂದು ನಿಲ್ಲಬೇಕು. ಶಹಾಪುರದಿಂದ ಸುರಪುರಕ್ಕೆ ಬೈಕಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ 36 ಅಡಿ ಸಾಗುತ್ತಾನೆ. ಅವನಿಗೆ ತಲೆಬರಹಕ್ಕೆ ಸಿಗುವುದು ಒಂದೇ ಸೆಕೆಂಡು. ಉಳಿದದ್ದೆಲ್ಲ ಅವನ ಪಾಲಿಗೆ ಇಲ್ಲ.

ಬ್ಯಾನರ್‌ನಲ್ಲಿ ಇನ್ನೂ ದೊಡ್ಡ ಅಪಾಯವಿರುವುದು "ಬೇಡಿ" ಎಂಬ ಪದದಲ್ಲಿ. "ಹಗ್ಗ ಬಿಗಿಯಬೇಡಿ" ಎಂಬ ಸಾಲನ್ನು ದೂರದಿಂದ ಓದುವವರಿಗೆ ಮೊದಲು ಸಿಗುವುದು "ಹಗ್ಗ". ಸಾಲು ಎರಡಾಗಿ ಮುರಿದಿದ್ದರೆ, ಅಥವಾ ಬ್ಯಾನರಿನ ಅಂಚು ಗಾಳಿಗೆ ಮಡಚಿಕೊಂಡರೆ, "ಬೇಡಿ" ಕಾಣದೇ ಹೋಗಬಹುದು. ಚಿತ್ರದ ವಿಷಯದಲ್ಲೂ ಹೀಗೆಯೇ. ಕಾಲಿಗೆ ಹಗ್ಗ ಕಟ್ಟಿದ ಚಿತ್ರದ ಮೇಲೆ ತೆಳುವಾದ ಕೆಂಪು ಕತ್ತರಿ ಗುರುತು ಹಾಕಿದ್ದರೆ ಹತ್ತಿರದಿಂದ ಅದು ಎಚ್ಚರಿಕೆ. ದೂರದಿಂದ ಕತ್ತರಿ ಗುರುತು ಮಸುಕಾಗಿ ಹಗ್ಗ ಕಟ್ಟಿದ ಕಾಲು ಮಾತ್ರ ಉಳಿಯುತ್ತದೆ. ಓದು ಬಾರದವರಿಗೆ ಅದು ಹೇಳುವುದು "ಹೀಗೆ ಕಟ್ಟಿ" ಎಂದು. ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಕೈಕಾಲಿನ ಮಾಂಸವೇ ಸಾಯಬಹುದು. ಜಾಗೃತಿ ಬ್ಯಾನರ್ ತಾನೇ ತಪ್ಪು ಸಲಹೆ ಕೊಟ್ಟಂತಾಗುತ್ತದೆ.

ಆದ್ದರಿಂದ ಬ್ಯಾನರ್‌ನಲ್ಲಿ ಮಾಡಬೇಕಾದದ್ದನ್ನು ಮಾತ್ರ ಬರೆಯಿರಿ, ಅದನ್ನೇ ಚಿತ್ರದಲ್ಲಿ ತೋರಿಸಿ. "ಬೇಡಿ"ಗಳು ಹತ್ತಿರದಿಂದ, ನಿಧಾನವಾಗಿ ಓದುವ ಪೋಸ್ಟರಿಗೂ ಕರಪತ್ರಕ್ಕೂ ಸೇರಿದವು.

## ಹೊಂದಿಸುವುದು ಹೇಗೆ?

ದಾರಿ ಸರಳ. ಪೋಸ್ಟರಿನಲ್ಲಿ ಇರುವುದನ್ನು ಮೂರು ಪದರವಾಗಿ ಬಿಡಿಸಿಕೊಳ್ಳಿ. ಒಂದನೇ ಪದರ: ಚಿತ್ರ, ತಲೆಬರಹ, 108. ಎರಡನೇ ಪದರ: ನಾಲ್ಕು ಸೂಚನೆ. ಮೂರನೇ ಪದರ: ವಿವರ. ಬ್ಯಾನರ್‌ಗೆ ಒಂದನೇ ಪದರ ಮಾತ್ರ. ಪೋಸ್ಟರಿಗೆ ಒಂದು ಮತ್ತು ಎರಡು. ವಿವರ ಬೇಕಿದ್ದರೆ ಒಂದೆರಡು ಸಾಲು. ಕರಪತ್ರಕ್ಕೆ ಮೂರೂ.

ಅತಿ ದೊಡ್ಡ ಬಟ್ಟೆಯಲ್ಲಿ ಅತಿ ಕಡಿಮೆ ಪದ, ಅತಿ ಚಿಕ್ಕ ಹಾಳೆಯಲ್ಲಿ ಅತಿ ಹೆಚ್ಚು ಪದ ಎನ್ನುವುದು ಉಲ್ಟಾ ಅನ್ನಿಸಬಹುದು. ಆದರೆ ಇಲ್ಲಿ ನೋಡಬೇಕಾದದ್ದು ಜಾಗವನ್ನಲ್ಲ, ಓದುವವರ ಹೊತ್ತನ್ನು. ಬ್ಯಾನರ್‌ಗೆ ಎರಡು ಸೆಕೆಂಡು, ಗೋಡೆಯ ಪೋಸ್ಟರಿಗೆ ಅರ್ಧ ನಿಮಿಷ. ಕರಪತ್ರ ಮನೆಗೇ ಹೋಗುತ್ತದೆ.

ಮೂರರಲ್ಲೂ ಬದಲಾಗದೆ ಉಳಿಯಬೇಕಾದವು ಐದು: ಅದೇ ಚಿತ್ರ, ಅದೇ ತಲೆಬರಹ ಅಕ್ಷರಶಃ, ಅದೇ ಅಕ್ಷರ ಶೈಲಿ, ಅದೇ ಎರಡು ಬಣ್ಣ, 108ರ ಅದೇ ರೂಪ. ಮೈಲಾಪುರದ ಜಾತ್ರೆಯಲ್ಲಿ ಬ್ಯಾನರ್ ನೋಡಿದವರಿಗೆ ವಾರದ ನಂತರ ಕರಪತ್ರ ಸಿಕ್ಕಾಗ "ಅದೇ ಇದು" ಎಂದು ಗೊತ್ತಾಗುವುದು ಇವುಗಳಿಂದ. ಇವನ್ನು ಮುಟ್ಟದಿದ್ದರೆ ನೀವು ಹೊಸ ವಿನ್ಯಾಸ ಮಾಡಿಲ್ಲ, ಹಳೆಯದನ್ನೇ ಬೇರೆ ಜಾಗದಲ್ಲಿ ಕೂರಿಸಿದ್ದೀರಿ.

ಬ್ಯಾನರ್: 8 ಅಡಿ ಅಗಲ, 4 ಅಡಿ ಎತ್ತರ. ಪೋಸ್ಟರ್ ನಿಂತ ಆಕಾರದ್ದು, ಬ್ಯಾನರ್ ಮಲಗಿದ ಆಕಾರದ್ದು. ಒಂದನ್ನು ಇನ್ನೊಂದಕ್ಕೆ ಎಳೆದು ತುಂಬಿಸಿದರೆ ಅಕ್ಷರಗಳು ಚಪ್ಪಟೆಯಾಗುತ್ತವೆ, ಚಿತ್ರದ ಮನುಷ್ಯ ಕುಳ್ಳಗಾಗುತ್ತಾನೆ. ಎಳೆಯುವ ಬದಲು ಜಾಗ ಬದಲಿಸಿ: ಪೋಸ್ಟರಿನಲ್ಲಿ ಮೇಲಿದ್ದ ಚಿತ್ರ ಎಡಕ್ಕೆ ಬರಲಿ, ಕೆಳಗಿದ್ದ ತಲೆಬರಹ ಬಲಕ್ಕೆ ಹೋಗಲಿ. ಮೊದಲು ಚಿತ್ರ, ಆಮೇಲೆ ಮಾತು, ಕೊನೆಗೆ ಸಂಖ್ಯೆ ಎಂಬ ಕ್ರಮ ಹಾಗೆಯೇ ಉಳಿಯುತ್ತದೆ.

ಈಗ ಲೆಕ್ಕ. ಅಗಲ 96 ಇಂಚು, ಎತ್ತರ 48 ಇಂಚು. ಅಂಚು ಮಡಚಿ ಹೊಲಿಯಲು, ಹಗ್ಗ ಕಟ್ಟಲು ಸುತ್ತಲೂ 3 ಇಂಚು ಖಾಲಿ ಬಿಡಿ; ಅಲ್ಲಿ ಅಕ್ಷರ ಹೋದರೆ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ಅಕ್ಷರ 8 ಇಂಚು ಇಟ್ಟರೆ ಗುಡಿಸು, ಒತ್ತಕ್ಷರ ಸೇರಿ ಒಂದು ಸಾಲಿಗೆ ಸುಮಾರು 13 ಇಂಚು ಬೇಕು. "ಹಾವು ಕಚ್ಚಿದರೆ" ಒಂದು ಸಾಲು, "ಆಸ್ಪತ್ರೆಗೆ ಹೋಗಿ" ಇನ್ನೊಂದು, ಕೆಳಗೆ 108ಕ್ಕೆ 12 ಇಂಚು: ಒಟ್ಟು 38. ಬಿಟ್ಟ ಅಂಚು ಸೇರಿ 44. ಸಾಲುಗಳ ನಡುವೆ ಉಸಿರಾಡಲು ನಾಲ್ಕು ಇಂಚು ಉಳಿಯಿತು. ಪ್ರತಿ ಸಾಲಿನಲ್ಲಿ ಆರು ಅಕ್ಷರ, ಒಂದೊಂದಕ್ಕೆ ಸುಮಾರು 10 ಇಂಚು ಅಗಲ, ಪದಗಳ ನಡುವೆ 5 ಇಂಚು, ಒಟ್ಟು 65. ಎಡಗಡೆ ಚಿತ್ರಕ್ಕೆ 25 ಇಂಚು ಸಿಕ್ಕಿತು. 8 ಇಂಚಿನ ಅಕ್ಷರ 80 ಅಡಿ ದೂರಕ್ಕೆ ಸಲೀಸು. ಅದೇ ಬೈಕಿನವನಿಗೆ ಈಗ ಎರಡು ಸೆಕೆಂಡಿಗಿಂತ ಹೆಚ್ಚು ಸಿಗುತ್ತದೆ. ನಾಲ್ಕು ಪದ, ಒಂದು ಸಂಖ್ಯೆಗೆ ಅಷ್ಟು ಸಾಕು.

ಇಲ್ಲಿ "108ಕ್ಕೆ ತಕ್ಷಣ ಉಚಿತವಾಗಿ ಕರೆ ಮಾಡಿರಿ" ಎಂದು ಸೇರಿಸುವ ಆಸೆ ಬರುತ್ತದೆ. ಸೇರಿಸಿದರೆ ಅಕ್ಷರ 5 ಇಂಚಿಗೆ ಇಳಿಯುತ್ತದೆ, ಓದುವ ದೂರ 50 ಅಡಿಗೆ ಇಳಿಯುತ್ತದೆ. ಆಂಬುಲೆನ್ಸ್ ಚಿತ್ರದ ಪಕ್ಕ 108 ಎಂದಿದ್ದರೆ ಉಳಿದದ್ದನ್ನು ಜನ ಬಲ್ಲರು.

ಒಂದು ಮಾತು ನೆನಪಿರಲಿ: ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರ್‌ಗಳಿಗೆ 2016ರಿಂದ ನಿಷೇಧವಿದೆ. ಬಟ್ಟೆ ಬ್ಯಾನರ್ ಮಾಡಿಸಿ, ಕಟ್ಟುವ ಮೊದಲು ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಿರಿ. ಬಟ್ಟೆಯಲ್ಲಿ ಬಣ್ಣ ತುಸು ಹರಡುವುದರಿಂದ ಸಣ್ಣ ಅಕ್ಷರ ಹಾಕದಿರಲು ಇದು ಇನ್ನೊಂದು ಕಾರಣ.

ಕರಪತ್ರ: ಎ5, ಎರಡು ಬದಿ. ಮುಂಬದಿಯಲ್ಲಿ ಪೋಸ್ಟರಿನ ಒಂದು ಮತ್ತು ಎರಡನೇ ಪದರ ಅರ್ಧಕ್ಕೆ ಇಳಿದು ಹಾಗೆಯೇ ಕೂರುತ್ತವೆ. ವಿವರವನ್ನು ಕುಗ್ಗಿಸಬೇಡಿ, ಹಿಂಬದಿಗೆ ಕಳಿಸಿ, ಅಲ್ಲಿ ಅಕ್ಷರ 2.5 ಮಿ.ಮೀ. ಇಡಿ. ಬಣ್ಣದ ಹಿನ್ನೆಲೆ ಮೇಲೆ ಬಿಳಿ ಅಕ್ಷರ ಬೇಡ. ಶಾಯಿ ಹರಡಿ ಬಿಳಿ ಮುಚ್ಚಿಹೋಗುತ್ತದೆ. ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರವೇ ಭದ್ರ.

ಹಿಂಬದಿಗೆ ಏನು ಹಾಕಬೇಕು? ಬ್ಯಾನರ್ ಹೇಳಲಾಗದ್ದನ್ನು. ಕಟ್ಟು ಹಾವು ಕಚ್ಚಿದಾಗ ನೋವು, ಊತ ಇಲ್ಲದೆಯೂ ಇರಬಹುದು. ಕಣ್ಣೆವೆ ಜೋತು ಬೀಳುವುದು, ಮಾತು ತೊದಲುವುದು, ಉಸಿರಾಟ ಕಷ್ಟವಾಗುವುದು ಅದರ ಲಕ್ಷಣ. ಮಂಡಲದ ಹಾವುಗಳಲ್ಲಿ ಊತ, ರಕ್ತ ನಿಲ್ಲದಿರುವುದು ಕಾಣುತ್ತದೆ. ವಿಷಕ್ಕೆ ನೇರ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಚುಚ್ಚುಮದ್ದು ಮಾತ್ರ. ಅದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿ ಒಂದೇ ಆಗಿರುವುದರಿಂದ ಹಾವನ್ನು ಹಿಡಿದು ತರಬೇಕಿಲ್ಲ. ಕೊನೆಗೆ ಎರಡು ಖಾಲಿ ಗೆರೆ: "ನಮ್ಮ ಹತ್ತಿರದ ಆಸ್ಪತ್ರೆ" ಮತ್ತು "ಫೋನ್". ಊರೂರಿಗೆ ಬೇರೆ ಕರಪತ್ರ ಅಚ್ಚು ಹಾಕಿಸದೆ, ಹಂಚುವಾಗ ಪೆನ್ನಿನಲ್ಲಿ ಬರೆದು ಕೊಡಬಹುದು.

## ಫಾರ್ವರ್ಡ್ ಆದ ಚಿತ್ರದಿಂದ ಬ್ಯಾನರ್ ಮಾಡಬಹುದೇ?

ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ದಾರಿಯಲ್ಲೇ ಕುಗ್ಗುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಉದ್ದನೆಯ ಬದಿಗೆ ಉಳಿಯುವುದು ಸುಮಾರು 1,600 ಚುಕ್ಕೆಗಳು. ಅದನ್ನು 8 ಅಡಿಗೆ ಹರಡಿದರೆ ಒಂದೊಂದು ಚುಕ್ಕೆ ಒಂದೂವರೆ ಮಿ.ಮೀ. ಆಗುತ್ತದೆ. "ಹಾಗಾದರೆ ಪೂರ್ತಿ ಮಸುಕು" ಎಂದುಕೊಳ್ಳಬೇಡಿ. ಹದಿನೇಳು ಹದಿನೆಂಟು ಅಡಿ ದೂರ ಹೋದರೆ ಒಂದೂವರೆ ಮಿ.ಮೀ. ಚುಕ್ಕೆ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ರಸ್ತೆಯಿಂದ ನೋಡುವ ಬ್ಯಾನರಿನ ಚಿತ್ರ ಹಾಗೂ ಹೀಗೂ ನಡೆದೀತು.

ನಿಜವಾದ ತೊಂದರೆ ಬೇರೆ. ಫಾರ್ವರ್ಡ್ ಆದ ಚಿತ್ರದಲ್ಲಿ ಫೋಟೊ, ತಲೆಬರಹ, ಸೂಚನೆ ಎಲ್ಲ ಒಂದೇ ಹಾಳೆಯಾಗಿ ಬೆಸೆದುಕೊಂಡಿರುತ್ತವೆ. ಪದರ ಬಿಡಿಸಲಾಗುವುದಿಲ್ಲ, ಚಿತ್ರವನ್ನು ಎಡಕ್ಕೆ ಸರಿಸಲಾಗುವುದಿಲ್ಲ. ಅಂಗಡಿಯವರಿಗೆ ಉಳಿಯುವುದು ಹಿಗ್ಗಿಸುವ ಒಂದೇ ದಾರಿ. ಆದ್ದರಿಂದ ಪೋಸ್ಟರ್ ಮಾಡಿದವರಿಂದಲೇ ಮೂಲ ಫೈಲ್ ಕೇಳಿ, ಅದನ್ನು ಫೋಟೊ ಆಗಿ ಅಲ್ಲ, Document ಆಯ್ಕೆಯಲ್ಲಿ ಕಳಿಸಲು ಹೇಳಿ.

ಅಕ್ಷರಗಳಿಗೂ ಒಂದು ಎಚ್ಚರಿಕೆ. ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಯೂನಿಕೋಡ್ ಅಕ್ಷರಗಳನ್ನು ಹಳೆಯ ತಂತ್ರಾಂಶದಲ್ಲಿ ಅಂಟಿಸಿದರೆ ಒತ್ತಕ್ಷರ ಕಳಚಿ "ಆಸ್‌ಪತ್‌ರೆ" ಎಂಬಂತೆ ಬೀಳುತ್ತದೆ. ಇದಕ್ಕೆ ಪರಿಹಾರ, ಅಂಗಡಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಗೆರೆಯ ಆಕಾರಕ್ಕೆ ಬದಲಿಸುವುದು. ಕೋರೆಲ್ ಡ್ರಾದಲ್ಲಿ ಅಕ್ಷರ ಆಯ್ದು `Ctrl+Q` ಒತ್ತಿದರೆ ಆಯಿತು. ಆಮೇಲೆ ಯಾವ ಕಂಪ್ಯೂಟರಿನಲ್ಲೂ ಅದು ಕೆಡುವುದಿಲ್ಲ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಆದರೆ ಹಾಗೆ ಬದಲಿಸಿದ ಪ್ರತಿಯಲ್ಲಿ ಕಾಗುಣಿತ ತಿದ್ದಲು ಬರುವುದಿಲ್ಲ. ತಿದ್ದುವ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

## ಮುದ್ರಣಕ್ಕೆ ಮೊದಲು ಎರಡು ಪರೀಕ್ಷೆ

ಬ್ಯಾನರ್ ಎಷ್ಟು ದೂರಕ್ಕೆ ಓದಿಸಿಕೊಳ್ಳುತ್ತದೆ ಎಂದು ತಿಳಿಯಲು ಬಟ್ಟೆಗೆ ದುಡ್ಡು ಹಾಕಬೇಕಿಲ್ಲ. 8 ಅಡಿ ಬ್ಯಾನರನ್ನು 80 ಅಡಿಯಿಂದ ನೋಡುವುದೆಂದರೆ ಅದರ ಅಗಲದ ಹತ್ತು ಪಟ್ಟು ದೂರದಿಂದ ನೋಡುವುದು. ಮೊಬೈಲನ್ನು ಅಡ್ಡ ಹಿಡಿದು ವಿನ್ಯಾಸವನ್ನು ಪೂರ್ತಿ ಪರದೆಗೆ ತನ್ನಿ. ಚಿತ್ರ ಪರದೆಯಲ್ಲಿ 14 ಸೆಂ.ಮೀ. ಅಗಲ ಇದ್ದರೆ ಹತ್ತು ಪಟ್ಟು ಅಂದರೆ 140 ಸೆಂ.ಮೀ., ಸುಮಾರು ನಾಲ್ಕೂವರೆ ಅಡಿ. ಅಷ್ಟು ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, ಎರಡು ಸೆಕೆಂಡು ತೋರಿಸಿ ಮುಚ್ಚಿ, "ಏನಿತ್ತು?" ಎಂದು ಕೇಳಿ. ವಿನ್ಯಾಸ ಮೊದಲೇ ನೋಡದವರು ಇರಬೇಕು. ಮನೆಯ ಹಿರಿಯರಾದರೆ ಇನ್ನೂ ಒಳ್ಳೆಯದು. "ಹಾವು, ಆಸ್ಪತ್ರೆ, 108" ಎಂದರೆ ಬ್ಯಾನರ್ ಸರಿಯಾಗಿದೆ. ಓದು ಬಾರದವರಿಗೆ ಚಿತ್ರ ಮಾತ್ರ ತೋರಿಸಿ "ಏನು ಮಾಡಲು ಹೇಳುತ್ತಿದೆ?" ಎಂದು ಕೇಳಿ. ಉತ್ತರ ಆಸ್ಪತ್ರೆಯಲ್ಲದೆ ಬೇರೇನಾದರೂ ಬಂದರೆ ಚಿತ್ರ ಬದಲಿಸಬೇಕು.

ಕರಪತ್ರಕ್ಕೆ ಒಂದು ಪ್ರತಿ ಪ್ರಿಂಟ್ ತೆಗೆಸಿ, ಅದನ್ನು ಝೆರಾಕ್ಸ್ ಮಾಡಿಸಿ, ಆ ಝೆರಾಕ್ಸಿನ ಇನ್ನೊಂದು ಝೆರಾಕ್ಸ್ ಮಾಡಿಸಿ. ಊರಲ್ಲಿ ಅದು ಕೈಯಿಂದ ಕೈಗೆ ಹೋಗುವುದು ಹಾಗೆಯೇ. ಎರಡನೇ ಪ್ರತಿಯಲ್ಲೂ "ಬಿಗಿಯಬೇಡಿ" ಎಂಬುದರ "ಬೇಡಿ" ಮತ್ತು ಅದರ ಮುಂದಿನ ಕತ್ತರಿ ಗುರುತು ಸ್ಪಷ್ಟವಾಗಿ ಉಳಿದಿದ್ದರೆ ಅಚ್ಚಿಗೆ ಕೊಡಿ. ಇಲ್ಲದಿದ್ದರೆ ಆ ಸಾಲಿನ ಅಕ್ಷರ ದೊಡ್ಡದು ಮಾಡಿ. ಕರಪತ್ರದಲ್ಲಿ ಬೇರೆ ಯಾವ ಸಾಲು ಮಸುಕಾದರೂ ಅಡ್ಡಿಯಿಲ್ಲ, ಆ ಒಂದು ಸಾಲು ಮಸುಕಾಗಬಾರದು.